ಇಂಗಳದಾಳಿನ ಹಸಿರು ಕಲ್ಲು, ಲ್ಯಾಬಿನ ಹಸಿರು ಪುಡಿ

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಸಂಯುಕ್ತ ಎಲ್ಲಿಂದ ಬಂದರೂ ಅದರೊಳಗಿನ ಧಾತುಗಳ ತೂಕದ ಅನುಪಾತ ಒಂದೇ ಅನ್ನುವ ಸ್ಥಿರಾನುಪಾತ ನಿಯಮದ ಪಾಠಕ್ಕೆ ಮಕ್ಕಳ ಕೈಲಿ ತಾಮ್ರದ ಕಾರ್ಬೊನೇಟ್ ಕಾಯಿಸಿ ತೂಗಿಸಿದೆ. ಬಾಟಲಿಯ ಪುಡಿ 5 ಗ್ರಾಂ ಕಾಯಿಸಿದರೆ 3.45 ಗ್ರಾಂ ಕಪ್ಪು ಪುಡಿ ಉಳಿಯಿತು. ಒಬ್ಬ ಹುಡುಗ ಇಂಗಳದಾಳ್ ಕಡೆಯಿಂದ ಹಸಿರು ಕಲ್ಲು ತಂದಿದ್ದ. ಅದನ್ನು ಕುಟ್ಟಿ 5 ಗ್ರಾಂ ಕಾಯಿಸಿದರೆ 4.45 ಗ್ರಾಂ ಉಳಿಯಿತು. ಲೆಕ್ಕದ ಪ್ರಕಾರ 3.60 ಬರಬೇಕಿತ್ತು. ನೆಲದಿಂದ ತೆಗೆದದ್ದೂ ಲ್ಯಾಬಲ್ಲಿ ಮಾಡಿದ್ದೂ ಒಂದೇ ಅಂತ ಫ್ರೆಂಚ್ ರಸಾಯನಶಾಸ್ತ್ರಜ್ಞ ಪ್ರೌಸ್ಟ್ ತೋರಿಸಿದ್ದು ಅಲ್ವಾ? ನಮಗೆ ಯಾಕೆ ಬರಲಿಲ್ಲ? ಆ ಕಾಲದ ತಕ್ಕಡಿಯಲ್ಲಿ ಅವರಿಗೆ ಹೇಗೆ ಸರಿ ಬಂತು?

ಉತ್ತರ: ಮೇಡಂ, ಅವರಿಗೂ ಪೂರ್ತಿ ಸರಿ ಬಂದಿರಲಿಲ್ಲ. ಪ್ರೌಸ್ಟ್ 1799ರಲ್ಲಿ ಸ್ಪೇನಿನಲ್ಲಿ ಕೂತು ಬರೆದದ್ದು ಇಷ್ಟು: 100 ಪೌಂಡ್ ತಾಮ್ರವನ್ನು ಗಂಧಕಾಮ್ಲದಲ್ಲೋ ನೈಟ್ರಿಕ್ ಆಮ್ಲದಲ್ಲೋ ಕರಗಿಸಿ, ಸೋಡಾದ ಅಥವಾ ಪೊಟ್ಯಾಷಿನ ಕಾರ್ಬೊನೇಟ್ ಹಾಕಿ ಕೆಳಗಿಳಿಸಿದರೆ ಪ್ರತಿ ಸಲವೂ 180 ಪೌಂಡ್ ಹಸಿರು ಕಾರ್ಬೊನೇಟ್ ಸಿಗುತ್ತದೆ. ಈಗ ನಮಗೆ ಗೊತ್ತಿರುವ ಸೂತ್ರ Cu2CO3(OH)2. ಅದರಿಂದ ಲೆಕ್ಕ ಹಾಕಿದರೆ 100 ಪೌಂಡ್ ತಾಮ್ರಕ್ಕೆ ಸಿಗಬೇಕಾದ್ದು 174. ಪ್ರೌಸ್ಟ್‌ಗೆ 6 ಪೌಂಡ್ ಜಾಸ್ತಿ ಬಂದಿತ್ತು. ಇಂಥ ಪುಡಿ ಎಷ್ಟೇ ಒಣಗಿಸಿದರೂ ಒಳಗೆ ಸ್ವಲ್ಪ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದ 6 ಪೌಂಡ್‌ಗೆ ಅದೇ ಕಾರಣ ಅಂತ ನನ್ನ ಅಂದಾಜು. ನಿಮ್ಮ ಬಾಟಲಿಯ ಪುಡಿಯಲ್ಲೂ ಬಹುಶಃ ಇದೇ ಆಗಿದೆ.

ಬಾಟಲಿಯ ಲೆಕ್ಕ ಮೊದಲು ನೋಡೋಣ. ಶುದ್ಧ ಪುಡಿ 100 ಗ್ರಾಂ ಕಾಯಿಸಿದರೆ ಸುಮಾರು 72 ಗ್ರಾಂ ಕಪ್ಪು ಆಕ್ಸೈಡ್ ಉಳಿಯುತ್ತದೆ, 28 ಗ್ರಾಂ ಹಾರಿಹೋಗುತ್ತದೆ. ನಿಮಗೆ ಉಳಿದದ್ದು 3.45. ಅಷ್ಟು ಆಕ್ಸೈಡ್ ಬರಲು ಬೇಕಾದ ಶುದ್ಧ ಪುಡಿ 4.80 ಗ್ರಾಂ. ಅಂದರೆ ನೀವು ತೂಗಿದ 5 ಗ್ರಾಂನಲ್ಲಿ 0.20 ಗ್ರಾಂ ಬೇರೇನೋ ಇತ್ತು, ಅದು ಕಾಯಿಸಿದಾಗ ಹೋಯಿತು. ಅದು ನೀರೇ ಅಂತ ಹೇಗೆ ಹೇಳುವುದು? ಸುಮ್ನೆ ಒಪ್ಪಿಕೊಳ್ಳಬೇಡಿ, ಪರೀಕ್ಷೆ ಮಾಡಿ. ಇನ್ನೊಂದು 5 ಗ್ರಾಂ ಪುಡಿಯನ್ನು ಪಿಂಗಾಣಿ ಬಟ್ಟಲಲ್ಲಿ ತೆಳ್ಳಗೆ ಹರಡಿ, ಕುದಿಯುವ ನೀರಿನ ಪಾತ್ರೆಯ ಮೇಲಿಡಿ. ಅರ್ಧ ಗಂಟೆಯಾದ ಮೇಲೆ ಬಟ್ಟಲಿನ ತಳ ಒರೆಸಿ, ಆರಿಸಿ ತೂಗಿ. ಮತ್ತೆ ಇಡಿ, ಮತ್ತೆ ತೂಗಿ. ಎರಡು ಸಲ ಒಂದೇ ತೂಕ ಬರುವವರೆಗೆ ಹೀಗೆ ಮಾಡಿ. ಈ ಬಿಸಿಗೆ ಒಣ ಕಾರ್ಬೊನೇಟ್ ಒಡೆಯುವುದಿಲ್ಲ, ಅಂಟಿದ ತೇವ ಮಾತ್ರ ಬಿಡುತ್ತದೆ. ತೂಕ 4.80ರ ಹತ್ತಿರ ನಿಂತು, ಆಮೇಲೆ ದೀಪದ ಉರಿಯಲ್ಲಿ ಕಾಯಿಸಿದಾಗ 3.45ಕ್ಕೇ ಬಂದರೆ ಕಳ್ಳ ಸಿಕ್ಕಂತೆ.

ಒಣಗಿಸಿದಾಗ ತೂಕ ಇಳಿಯಲೇ ಇಲ್ಲ ಅಂದರೆ ಬೇರೆ ಎರಡು ಕಡೆ ಹುಡುಕಿ. ಒಂದು, ಪುಡಿ ಹಾರಿರಬಹುದು. ಜೋರು ಉರಿ ಕೊಟ್ಟರೆ ಹಬೆ ಮತ್ತು ಅನಿಲ ಒಟ್ಟಿಗೆ ನುಗ್ಗಿ ನಯವಾದ ಪುಡಿಯನ್ನೂ ಎತ್ತಿಕೊಂಡು ಹೋಗುತ್ತವೆ. ಪ್ರನಾಳದ ಬಾಯಿಯ ಹತ್ತಿರ ಕಪ್ಪು ಅಥವಾ ಹಸಿರು ಪಟ್ಟಿ ಕಂಡರೆ ಅದೇ ಗುರುತು. ಇನ್ನೊಂದು ಗುರುತೂ ಇದೆ. ತೇವದಿಂದ ಆದ ತಪ್ಪು ಎಲ್ಲ ಗುಂಪಿನ ಮಕ್ಕಳಿಗೂ ಒಂದೇ ಅಳತೆಯಲ್ಲಿ ಬರುತ್ತದೆ, ಯಾಕಂದರೆ ಬಾಟಲಿ ಒಂದೇ. ಪುಡಿ ಹಾರಿದ ತಪ್ಪು ಒಬ್ಬೊಬ್ಬರಿಗೆ ಒಂದೊಂದು ತರ ಬರುತ್ತದೆ. ಹಾಗಾಗಿ ಎಲ್ಲ ಗುಂಪಿನ ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆಸಿ. ಸರಾಸರಿ ಮಾತ್ರ ಬರೆದರೆ ಈ ಸುಳಿವು ಕಳೆದುಹೋಗುತ್ತದೆ. ಎರಡನೇ ಜಾಗ ಉಳಿದ ಪುಡಿಯ ಬಣ್ಣ. ಅದರಲ್ಲಿ ಕೆಂಪು ಚುಕ್ಕೆ ಕಂಡಿತಾ? ಆ ಕೆಂಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕಂದರೆ ಸುಮಾರು ಏಳೆಂಟು ವರ್ಷ ನಡೆದ ಒಂದು ದೊಡ್ಡ ಜಗಳ ಅದರೊಳಗಿದೆ.

ಈಗ ಕಲ್ಲು. ಇಂಗಳದಾಳಿನಲ್ಲಿ ತಾಮ್ರದ ಅದಿರಿದೆ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಅಲ್ಲಿನ ಮುಖ್ಯ ಅದಿರು ಹಿತ್ತಾಳೆ ಬಣ್ಣದ್ದು. ತಾಮ್ರ, ಕಬ್ಬಿಣ, ಗಂಧಕ ಸೇರಿದ್ದು. ಇಂಥ ಅದಿರು ಗಾಳಿ ಮಳೆಗೆ ಸಿಕ್ಕಿದ ಕಡೆ ಮೇಲೆ ಹಸಿರು ಪದರ ಕಟ್ಟುತ್ತದೆ. ಆ ಹಸಿರೇ ಮ್ಯಾಲಕೈಟ್, ನಿಮ್ಮ ಬಾಟಲಿಯ ಪುಡಿಯ ಒಡಹುಟ್ಟು. ಆದರೆ ಹುಡುಗ ತಂದದ್ದು ಹಸಿರು ಬಳಿದುಕೊಂಡ ಬಂಡೆ. ನೀವು ಕುಟ್ಟಿದಾಗ ಬಂಡೆಯೂ ಪುಡಿಯಾಗಿ ಅದರೊಳಗೆ ಸೇರಿತು.

ಎಷ್ಟು ಸೇರಿತು ಅಂತ ನಿಮ್ಮ ಅಂಕಿಯೇ ಹೇಳುತ್ತದೆ. ಕಾಯಿಸಿದಾಗ ಹೋದದ್ದು 0.55 ಗ್ರಾಂ. ಮ್ಯಾಲಕೈಟ್ ತನ್ನ ತೂಕದಲ್ಲಿ ನೂರಕ್ಕೆ 28 ಕಳೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 0.55 ಗ್ರಾಂ ಹೋಗಬೇಕಾದರೆ ಮ್ಯಾಲಕೈಟ್ 1.96 ಗ್ರಾಂ ಇರಬೇಕು. ಉಳಿದ 3.04 ಗ್ರಾಂ ಸುಮ್ಮನೆ ಕೂತ ಬಂಡೆ.

ಇಲ್ಲಿ ನಿಮ್ಮ ಮಕ್ಕಳಲ್ಲಿ ಯಾರಾದರೂ ಜಾಣರು ಎದ್ದು ಕೇಳಬೇಕು: "ಇದು ಮೋಸ ಅಲ್ವಾ ಮಿಸ್? ನಿಯಮ ಸರಿ ಅಂತ ಮೊದಲೇ ಇಟ್ಟುಕೊಂಡು ಬಂಡೆಯ ತೂಕ ಹೊಂದಿಸಿಬಿಟ್ಟಿರಿ." ಹೌದು, ಇಷ್ಟಕ್ಕೇ ನಿಲ್ಲಿಸಿದರೆ ಮೋಸವೇ. ಬಂಡೆಯ ತೂಕವನ್ನು ಇನ್ನೊಂದು ದಾರಿಯಲ್ಲಿ ಬೇರೆಯಾಗಿ ಅಳೆಯಬೇಕು. ಅದೇ ಕಲ್ಲಿನ ಪುಡಿ ಮತ್ತೆ 5 ಗ್ರಾಂ ತೆಗೆದುಕೊಳ್ಳಿ. ಕಾಯಿಸಬೇಡಿ. ತೆಳು ಗಂಧಕಾಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಮ್ಯಾಲಕೈಟ್ ನೊರೆ ಎದ್ದು ಕರಗುತ್ತದೆ, ನೀರು ನೀಲಿಯಾಗುತ್ತದೆ. ಬೆಣಚುಕಲ್ಲಿನಂಥ ಬಂಡೆ ಹಾಗೇ ತಳದಲ್ಲಿ ಕೂರುತ್ತದೆ. ನೊರೆ ನಿಂತ ಮೇಲೆ, ಮೊದಲೇ ತೂಗಿಟ್ಟ ಸೋಸು ಕಾಗದದಲ್ಲಿ ಸೋಸಿ, ನೀಲಿ ಪೂರ್ತಿ ಹೋಗುವವರೆಗೆ ತೊಳೆದು, ಒಣಗಿಸಿ ತೂಗಿ. ಅದು 3.04ರ ಹತ್ತಿರ ಬಂದರೆ ಕಲ್ಲಿನೊಳಗಿನ ಮ್ಯಾಲಕೈಟೂ ಬಾಟಲಿಯ ಪುಡಿಯೂ ನೂರಕ್ಕೆ 28ನ್ನೇ ಬಿಡುತ್ತವೆ ಅಂತ ಧೈರ್ಯವಾಗಿ ಹೇಳಬಹುದು. ಕಾಯಿಸಿದ ದಾರಿಗೂ ಆಮ್ಲದ ದಾರಿಗೂ ಏನೂ ಸಂಬಂಧವಿಲ್ಲ. ಎರಡೂ ಒಂದೇ ಊರಿಗೆ ಬಂದವು ಅನ್ನುವುದೇ ಸಾಕ್ಷಿ.

ಎರಡೂ ಹೊಂದದಿದ್ದರೆ? ಕಾಯಿಸುವಾಗ ಗಂಧಕ ಸುಟ್ಟ ಘಾಟು ಬಂದಿದ್ದರೆ ಕಲ್ಲಿನಲ್ಲಿ ಹಿತ್ತಾಳೆ ಬಣ್ಣದ ಅದಿರೂ ಇತ್ತು, ಅದೂ ಉರಿಯಲ್ಲಿ ತೂಕ ಬದಲಿಸಿದೆ. ಸುಣ್ಣದ ಕಲ್ಲು ಬೆರೆತಿದ್ದರೆ ಅದೂ ಆಮ್ಲದಲ್ಲಿ ನೊರೆ ಕೊಡುತ್ತದೆ, ಆದರೆ ಶಾಲೆಯ ದೀಪದ ಬಿಸಿಗೆ ಅಷ್ಟಾಗಿ ಒಡೆಯುವುದಿಲ್ಲ. ಆಗ ಎರಡು ದಾರಿ ಎರಡು ಉತ್ತರ ಕೊಡುತ್ತವೆ. ಇಂಥ ಕಡೆ ಸುಲಭದ ಉಪಾಯವೆಂದರೆ ಕುಟ್ಟುವ ಮೊದಲೇ ಚಾಕುವಿನ ತುದಿಯಿಂದ ಹಸಿರು ಪದರವನ್ನಷ್ಟೇ ಕೆರೆದು ತೆಗೆಯುವುದು. ಒಂದು ಗ್ರಾಂ ಸಿಕ್ಕರೂ ಸಾಕು.

ಇನ್ನೂ ಸಮಯವಿದ್ದರೆ, ಸೋಸಿ ಬಂದ ನೀಲಿ ನೀರಿಗೆ ವಾಷಿಂಗ್ ಸೋಡಾದ ದ್ರಾವಣ ಹಾಕಿ. ಹಸಿರು ಮುದ್ದೆ ಇಳಿಯುತ್ತದೆ. ಪ್ರೌಸ್ಟ್ ಮಾಡಿದ್ದೂ ಇದೇ ಕೆಲಸ. ದುರ್ಗದ ಕಲ್ಲಿನ ತಾಮ್ರದಿಂದಲೇ ಮಾಡಿದ ಕಾರ್ಬೊನೇಟ್ ಅದು. ತೊಳೆಯುವಾಗ ಮಾತ್ರ ಕುದಿನೀರು ಬಳಸಬೇಡಿ. ಒಣ ಪುಡಿ ತಡೆದುಕೊಂಡ ಬಿಸಿಯನ್ನು ಈ ಹಸಿ ಮುದ್ದೆ ತಡೆಯುವುದಿಲ್ಲ. ಅಲ್ಲೇ ಒಡೆಯಲು ಶುರುವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಯಾವ ಲೆಕ್ಕವೂ ಕೂಡುವುದಿಲ್ಲ.

ಇಷ್ಟು ಹೊತ್ತು "ಹಾರಿಹೋದದ್ದು 28" ಅಂತ ಸಲೀಸಾಗಿ ಹೇಳುತ್ತಾ ಬಂದೆ. ಕಣ್ಣಿಗೆ ಕಾಣದೆ ಹೋದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬಂತು? ಕ್ರಿಯೆಗೆ ಮುಂಚೆಯೂ ಆಮೇಲೂ ಒಟ್ಟು ತೂಕ ಒಂದೇ ಅನ್ನುವ ರಾಶಿ ಸಂರಕ್ಷಣಾ ನಿಯಮದಿಂದ. ಆ ನಿಯಮ ಮೊದಲು ಗಟ್ಟಿಯಾಗದಿದ್ದರೆ ಪ್ರೌಸ್ಟ್ ಕೆಲಸಕ್ಕೆ ನೆಲವೇ ಇರುತ್ತಿರಲಿಲ್ಲ. ಅದನ್ನು ಗಟ್ಟಿ ಮಾಡಿದ್ದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆವೋಸಿಯರ್.

ಲೆವೋಸಿಯರ್‌ಗಿಂತ ನೂರು ವರ್ಷ ಮೊದಲು, 1673ರಲ್ಲಿ, ಬಾಯ್ಲ್ ತವರವನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ ಕಾಯಿಸಿದ್ದ ವಿಷಯ ಪ್ರಕಟಿಸಿದ. ಪಾತ್ರೆ ಒಡೆದು ಲೋಹ ತೂಗಿದಾಗ ತೂಕ ಹೆಚ್ಚಾಗಿತ್ತು. ಬೆಂಕಿಯ ಕಣಗಳು ಗಾಜನ್ನು ತೂರಿ ಒಳಗೆ ಬಂದವು ಅಂತ ತೀರ್ಮಾನಿಸಿದ. ಎಡವಿದ್ದು ಒಂದೇ ಕಡೆ: ಪಾತ್ರೆಯನ್ನು ತೆರೆದ ಮೇಲೆ ತೂಗಿದ. 1774ರಲ್ಲಿ ಲೆವೋಸಿಯರ್ ಅದೇ ಪ್ರಯೋಗ ಮಾಡಿ ತೆರೆಯುವ ಮೊದಲು ತೂಗಿದರು. ಕಾಯಿಸುವ ಮುಂಚಿನ ತೂಕ, ಆಮೇಲಿನ ತೂಕ ಎರಡೂ ಒಂದೇ. ಬೆಂಕಿಯಿಂದ ಏನೂ ಒಳಗೆ ಬಂದಿಲ್ಲ. ಬಾಯಿ ತೆರೆದ ಕೂಡಲೇ ಸಿಳ್ಳೆ ಹೊಡೆದಂತೆ ಗಾಳಿ ಒಳಗೆ ನುಗ್ಗಿತು, ತೂಕ ಏರಿತು. ಲೋಹ ಒಳಗಿದ್ದ ಗಾಳಿಯ ಒಂದು ಪಾಲನ್ನು ನುಂಗಿತ್ತು, ಆ ಖಾಲಿ ಜಾಗಕ್ಕೆ ಹೊರಗಿನ ಗಾಳಿ ಬಂತು. ಇಡೀ ಜಗಳ ಬಗೆಹರಿದದ್ದು ತೂಗುವ ಕೆಲಸವನ್ನು ಒಂದು ಹೆಜ್ಜೆ ಮುಂಚೆ ಮಾಡಿದ್ದರಿಂದ. ರಷ್ಯಾದ ಲೊಮೊನೊಸೊವ್ 1756ರಲ್ಲೇ ಹೀಗೆ ಮುಚ್ಚಿದ ಪಾತ್ರೆ ತೂಗಿದ್ದರು, ಆದರೆ ಆ ಸುದ್ದಿ ಪಶ್ಚಿಮ ಯುರೋಪಿಗೆ ಹೆಚ್ಚು ಮುಟ್ಟಲಿಲ್ಲ.

ನನಗೆ ಇದಕ್ಕಿಂತ ಇಷ್ಟವಾಗುವುದು ಲೆವೋಸಿಯರ್ ಅವರ ಪಾದರಸದ ಪ್ರಯೋಗ. ಅದರಲ್ಲಿ ಎರಡೂ ನಿಯಮ ಒಟ್ಟಿಗೆ ಸಿಗುತ್ತವೆ. 50 ಘನ ಅಂಗುಲ ಗಾಳಿಯ ಜೊತೆ ಪಾದರಸವನ್ನು ಹನ್ನೆರಡು ದಿನ ಹಗಲೂ ರಾತ್ರಿ ಕಾಯಿಸಿದರು. ಮೇಲೆ ಕೆಂಪು ಪುಡಿ ಕಟ್ಟಿತು, ಗಾಳಿ 42-43 ಘನ ಅಂಗುಲಕ್ಕೆ ಇಳಿಯಿತು. ಕೆಂಪು ಪುಡಿಯನ್ನು ಬೇರೆ ಮಾಡಿ ತೂಗಿದರೆ 45 ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 53 ಮಿಲಿಗ್ರಾಂ, ಹಾಗಾಗಿ ಒಟ್ಟು ಎರಡೂವರೆ ಗ್ರಾಂಗೂ ಕಡಿಮೆ. ಅದನ್ನು ಇನ್ನೂ ಜೋರಾಗಿ ಕಾಯಿಸಿದಾಗ 41.5 ಗ್ರೇನ್ ಪಾದರಸ ವಾಪಸ್ ಬಂತು, ಜೊತೆಗೆ 7ರಿಂದ 8 ಘನ ಅಂಗುಲ ಅನಿಲ.

ಈಗ ಲೆಕ್ಕ ನೋಡಿ. 45ರಲ್ಲಿ 41.5 ಕಳೆದರೆ 3.5 ಗ್ರೇನ್. ಇದನ್ನು "ಅನಿಲದ ತೂಕ" ಅಂದರೆ ಮತ್ತೆ ಆ ಜಾಣ ಮಗುವಿನ ಆಕ್ಷೇಪ ಬರುತ್ತದೆ: ಕಳೆದು ಹಾಕಿದ್ದಷ್ಟೇ ಅಲ್ವಾ? ಆದರೆ ಲೆವೋಸಿಯರ್ ಆಮ್ಲಜನಕದ ತೂಕವನ್ನು ಬೇರೆಯಾಗಿ ಅಳೆದಿದ್ದರು. ಒಂದು ಘನ ಅಂಗುಲಕ್ಕೆ ಹೆಚ್ಚೂಕಮ್ಮಿ ಅರ್ಧ ಗ್ರೇನ್. 7-8 ಘನ ಅಂಗುಲಕ್ಕೆ ಮೂರೂವರೆಯಿಂದ ನಾಲ್ಕು ಗ್ರೇನ್ ಆಯಿತು. ಗಾಳಿಯಿಂದ ಕಳೆದುಹೋಗಿದ್ದೂ ಅದೇ 7-8 ಘನ ಅಂಗುಲ. ಲೆಕ್ಕದ ಪುಸ್ತಕ ಮೂರು ಕಡೆಯಿಂದಲೂ ಕೂಡಿತು. ಇನ್ನೂ ಒಂದು ಹೆಜ್ಜೆ ಹೋಗಿ. 45ರಲ್ಲಿ 3.5 ಅಂದರೆ ನೂರಕ್ಕೆ 7.8. ಇವತ್ತಿನ ಲೆಕ್ಕದಲ್ಲಿ ಪಾದರಸದ ಕೆಂಪು ಆಕ್ಸೈಡಿನಲ್ಲಿ ಆಮ್ಲಜನಕ ನೂರಕ್ಕೆ 7.4. ಎರಡೂವರೆ ಗ್ರಾಂ ಪುಡಿಯಲ್ಲಿ ಇಷ್ಟು ಹತ್ತಿರ ಬಂದದ್ದು ನನಗೆ ಈಗಲೂ ಆಶ್ಚರ್ಯ. ಇದನ್ನು ತರಗತಿಯಲ್ಲಿ ಮಾತ್ರ ಮಾಡಬೇಡಿ, ಪಾದರಸದ ಹಬೆ ವಿಷ.

ನಿಮ್ಮ ಹಸಿರು ಪುಡಿಯಲ್ಲೂ ಹೀಗೆ ಕಾಣದ್ದನ್ನು ಹಿಡಿಯಬಹುದು. 5 ಗ್ರಾಂ ಶುದ್ಧ ಪುಡಿಯಿಂದ 1.00 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್, 0.40 ಗ್ರಾಂನಷ್ಟು ನೀರು ಬರುತ್ತದೆ. ಒಣಗಿಸಿದ ಪುಡಿಯನ್ನೇ ಪ್ರನಾಳಕ್ಕೆ ಹಾಕಿ, ಬಾಯಿ ಸ್ವಲ್ಪ ಕೆಳಗೆ ಬಾಗುವಂತೆ ಹಿಡಿದು ಕಾಯಿಸಿದರೆ ತಣ್ಣಗಿರುವ ಕಡೆ ನೀರಿನ ಹನಿ ನಿಲ್ಲುತ್ತದೆ. ಅನಿಲವನ್ನು ಕೊಳವೆಯಲ್ಲಿ ಸುಣ್ಣದ ತಿಳಿನೀರಿಗೆ ಬಿಟ್ಟರೆ ಹಾಲಿನಂತೆ ಬೆಳ್ಳಗಾಗುತ್ತದೆ. ದೀಪ ತೆಗೆಯುವ ಮೊದಲು ಕೊಳವೆಯನ್ನು ನೀರಿನಿಂದ ಎತ್ತಬೇಕು, ಇಲ್ಲದಿದ್ದರೆ ನೀರು ಹಿಂದಕ್ಕೆ ಎಳೆದುಕೊಂಡು ಬಿಸಿ ಪ್ರನಾಳ ಒಡೆಯುತ್ತದೆ. ತೂಗುವಾಗಲೂ ಆರಿದ ಮೇಲೇ ತೂಗಿ. ಬಿಸಿ ಪಾತ್ರೆಯ ಸುತ್ತ ಗಾಳಿ ಮೇಲೇಳುತ್ತಿರುತ್ತದೆ, ತೂಕ ಕಡಿಮೆ ತೋರಿಸುತ್ತದೆ. ಇದು ಸಣ್ಣ ವಿಷಯ ಅಲ್ಲ. ಜರ್ಮನಿಯ ಲ್ಯಾಂಡೊಲ್ಟ್ ಮುಚ್ಚಿದ ಗಾಜಿನೊಳಗೆ ದ್ರಾವಣಗಳನ್ನು ಬೆರೆಸಿ ವರ್ಷಗಟ್ಟಲೆ ತೂಗಿದಾಗ ಮೊದಮೊದಲು ತೂಕ ಚೂರು ಇಳಿದಂತೆ ಕಂಡಿತ್ತು. ಹುಡುಕಿದರೆ, ಒಳಗಿನ ಬಿಸಿಗೆ ಗಾಜು ಹಿಗ್ಗಿತ್ತು, ಗಾಜಿಗೆ ಅಂಟಿದ್ದ ತೇವ ಬಿಟ್ಟಿತ್ತು. ಅದನ್ನು ಸರಿಪಡಿಸಿದ ಮೇಲೆ, 1908ರ ಹೊತ್ತಿಗೆ, ಕೋಟಿಗೊಂದು ಪಾಲಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ ಎಂದರು.

ಇನ್ನು ಕೆಂಪು ಚುಕ್ಕೆಯ ಜಗಳ. ಪ್ರೌಸ್ಟ್ ಎದುರಾಳಿ ಬರ್ತೊಲೆ. ಇವರು ಸಾಮಾನ್ಯರಲ್ಲ, ಲೆವೋಸಿಯರ್ ಜೊತೆ ಕೆಲಸ ಮಾಡಿದವರು. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿದ್ದರು. ಅಲ್ಲಿನ ಉಪ್ಪು ಸರೋವರಗಳ ದಡದಲ್ಲಿ ಸೋಡಾ ಕಟ್ಟಿಕೊಂಡಿದ್ದನ್ನು ಕಂಡರು. ಲ್ಯಾಬಿನಲ್ಲಿ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಸೇರಿ ಸುಣ್ಣದ ಕಲ್ಲೂ ಉಪ್ಪೂ ಆಗುತ್ತವೆ. ಅಲ್ಲಿ ಉಪ್ಪು ರಾಶಿ ಇದ್ದದ್ದರಿಂದ ಅದೇ ಕ್ರಿಯೆ ಉಲ್ಟಾ ನಡೆದಿತ್ತು. ಪದಾರ್ಥ ಎಷ್ಟಿದೆ ಅನ್ನುವುದು ಕ್ರಿಯೆ ಯಾವ ಕಡೆ ಹೋಗುತ್ತದೆ ಅನ್ನುವುದನ್ನು ಬದಲಿಸುತ್ತದೆ ಅಂತ ಅವರು ಕಂಡುಕೊಂಡರು. ಅದು ಪೂರ್ತಿ ನಿಜ. ಅಲ್ಲಿಂದ ಒಂದು ಹೆಜ್ಜೆ ಜಾಸ್ತಿ ಇಟ್ಟರು: ಹಾಗಾದರೆ ಸಂಯುಕ್ತದ ಪ್ರಮಾಣವೂ ನಾವು ಎಷ್ಟು ಹಾಕುತ್ತೇವೋ ಅದರ ಮೇಲೆ ಬದಲಾಗಬೇಕು. ಲೋಹವನ್ನು ಕಾಯಿಸುತ್ತಾ ಹೋದರೆ ಬಣ್ಣ ಮೆಲ್ಲಗೆ ಬದಲಾಗುತ್ತದೆ, ಆಮ್ಲಜನಕವೂ ಮೆಲ್ಲಗೆ ಏರುತ್ತದೆ, ಎಲ್ಲಿ ಬೇಕಾದರೂ ನಿಲ್ಲಬಹುದು ಎಂದರು.

ಪ್ರೌಸ್ಟ್ ಉತ್ತರ ನಿಮ್ಮ ಪ್ರನಾಳದಲ್ಲೇ ಇದೆ. ತಾಮ್ರಕ್ಕೆ ಎರಡು ಆಕ್ಸೈಡ್. ಕಪ್ಪಿನಲ್ಲಿ 100 ಭಾಗ ತಾಮ್ರಕ್ಕೆ 25 ಭಾಗ ಆಮ್ಲಜನಕ, ಕೆಂಪಿನಲ್ಲಿ ಅದರ ಅರ್ಧ. ಮಧ್ಯದ್ದು ಅಂತ ಕಂಡರೆ ಅದು ಈ ಎರಡರ ಬೆರಕೆ. ದಾವಣಗೆರೆ ಮಂಡಕ್ಕಿಗೆ ಖಾರ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು, ಬೆರಕೆಗೆ ಮಿತಿಯಿಲ್ಲ. ಹಾಗಂತ ಬೆರಕೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಬೇರ್ಪಡಿಸಿ ತೋರಿಸಬೇಕು. ಒಂದೊಂದು ಲೋಹವನ್ನೂ ಹಿಡಿದು, ಒಂದು ಆಕ್ಸೈಡ್ ಕರಗಿ ಇನ್ನೊಂದು ಉಳಿಯುವ ದ್ರಾವಣ ಹುಡುಕಿ, ಪ್ರೌಸ್ಟ್ ಅದನ್ನೇ ಮಾಡುತ್ತಾ ಹೋದರು. ನೀರು ಹಿಡಿದ ಆಕ್ಸೈಡ್‌ಗಳು ಬೇರೆಯೇ ಸಂಯುಕ್ತ ಅಂತ ಗುರುತಿಸಿದ್ದೂ ಅವರೇ. ಬರ್ತೊಲೆ ಕೊಟ್ಟ ಉದಾಹರಣೆಗಳಲ್ಲಿ ಎಷ್ಟೋ ಹೀಗೆ ಬಿದ್ದುಹೋದವು. ಒಂದು ತಮಾಷೆ ನೋಡಿ: ಪ್ರೌಸ್ಟ್ ಅಂಕಿಗಳನ್ನು ನೂರಕ್ಕೆ ಇಷ್ಟು ಅಂತ ಬರೆಯುತ್ತಿದ್ದರು. ಇವತ್ತಿನ ಲೆಕ್ಕದಲ್ಲಿ ಕಪ್ಪಿನಲ್ಲಿ ಆಮ್ಲಜನಕ ನೂರಕ್ಕೆ 20, ಕೆಂಪಿನಲ್ಲಿ ನೂರಕ್ಕೆ 11. ಹಾಗೆ ಬರೆದರೆ ಒಂದು ಇನ್ನೊಂದರ ದುಪ್ಪಟ್ಟು ಅಂತ ಕಣ್ಣಿಗೆ ಹೊಡೆಯುವುದೇ ಇಲ್ಲ. ಅದನ್ನು ಹಿಡಿದದ್ದು ಪರಮಾಣು ಸಿದ್ಧಾಂತ ಕೊಟ್ಟ ಡಾಲ್ಟನ್.

ನಿಮ್ಮ ವಿಷಯಕ್ಕೆ ಬಂದರೆ, ದೀಪದ ಗಾಳಿಕಿಂಡಿ ಮುಚ್ಚಿ ಹಳದಿ ಉರಿಯಲ್ಲಿ ತೆರೆದ ಬಟ್ಟಲನ್ನು ಕಾಯಿಸಿದರೆ ಉರಿಯದ ಅನಿಲ ಕಪ್ಪು ಪುಡಿಯಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಅಲ್ಲಲ್ಲಿ ಕೆಂಪಾಗುತ್ತದೆ, ತೂಕ 3.60ಕ್ಕಿಂತ ಕೆಳಗಿಳಿಯುತ್ತದೆ. 3.45 ಹೀಗೂ ಬರಬಹುದು, 3.40 ಕೂಡ ಬರಬಹುದು. ಬರ್ತೊಲೆ ಇದ್ದಿದ್ದರೆ "ನೋಡಿ, ಎಲ್ಲಿ ಬೇಕಾದರೂ ನಿಲ್ಲುತ್ತದೆ" ಅನ್ನುತ್ತಿದ್ದರು. ಪತ್ತೆ ಮಾಡುವುದು ಸುಲಭ. ಕಿಂಡಿ ಪೂರ್ತಿ ತೆರೆದು ನೀಲಿ ಉರಿಯಲ್ಲಿ, ಗಾಳಿ ಆಡುವಂತೆ ಮತ್ತೆ ಕಾಯಿಸಿ. ತೂಕ ಏರಿ ಪುಡಿ ಪೂರ್ತಿ ಕಪ್ಪಾದರೆ ತಪ್ಪು ಕೆಂಪಿನದು. ತೂಕ ಅಲ್ಲಾಡದಿದ್ದರೆ ಅದರ ಪಾಲಿಲ್ಲ, ಮೊದಲು ಹೇಳಿದ ತೇವವನ್ನೇ ಹಿಡಿಯಿರಿ.

ಕೊನೆಗೆ ಒಂದು ಎಚ್ಚರಿಕೆ. ಕಬ್ಬಿಣದ ಪುಡಿಗೆ ಗಂಧಕ ಸೇರಿಸಿ ಕಾಯಿಸುವ ಪ್ರಯೋಗ ಎಲ್ಲ ಶಾಲೆಗಳಲ್ಲೂ ಇದೆ. ಮಿಶ್ರಣಕ್ಕೂ ಸಂಯುಕ್ತಕ್ಕೂ ವ್ಯತ್ಯಾಸ ತೋರಿಸಲು ಅದು ಚೆನ್ನಾಗಿದೆ. ಸ್ಥಿರಾನುಪಾತ ತೋರಿಸಲು ಮಾತ್ರ ಅದನ್ನು ಬಳಸಬೇಡಿ. ಕಬ್ಬಿಣದ ಸಲ್ಫೈಡ್ ಹರಳಿನಲ್ಲಿ ಕಬ್ಬಿಣದ ಕೆಲವು ಜಾಗ ಖಾಲಿ ಉಳಿಯಬಹುದು. ಎಷ್ಟು ಖಾಲಿ ಅನ್ನುವುದು ಮಾಡುವ ರೀತಿಯ ಮೇಲೆ ನಿಂತಿದೆ. ಅದು ಬೆರಕೆಯೂ ಅಲ್ಲ, ಒಂದೇ ಹರಳು. ಆದರೂ ಅನುಪಾತ ಚೂರು ಅತ್ತಿತ್ತ ಆಗುತ್ತದೆ. ಕಬ್ಬಿಣದ ಒಂದು ಆಕ್ಸೈಡಿನಲ್ಲೂ ಹೀಗೇ. ಇಪ್ಪತ್ತನೇ ಶತಮಾನದಲ್ಲಿ ರಷ್ಯಾದ ಕುರ್ನಕೊವ್ ಇಂಥವಕ್ಕೆ ಬರ್ತೊಲೆಯ ಹೆಸರನ್ನೇ ಇಟ್ಟು ಬರ್ತೊಲೈಡ್ ಎಂದರು. ತಾಮ್ರದ ಹಸಿರು ಪುಡಿಯಲ್ಲಿ ಈ ತಾಪತ್ರಯ ಇಲ್ಲ. ಮುಂದಿನ ವರ್ಷವೂ ಅದನ್ನೇ ಇಟ್ಟುಕೊಳ್ಳಿ, ಒಣಗಿಸಿ ತೂಗಿ.